ನರಕಕ್ಕೆ ಹೋದ ಸತ್ಯವಂತ

ಅಂತರಕಾಲೇಜು ಚರ್ಚಾಸ್ಪರ್ಧೆಯ ವಿಷಯ ಹೀಗಿತ್ತು: ‘ಕೆಲವು ಸಂದರ್ಭಗಳಲ್ಲಿ ಸುಳ್ಳು ಹೇಳುವುದೇ ನೈತಿಕ ಕರ್ತವ್ಯ.’ ಒಬ್ಬೊಬ್ಬರಿಗೆ 5 ನಿಮಿಷ. ನಾಲ್ಕನೇ ನಿಮಿಷಕ್ಕೆ ಎಚ್ಚರಿಕೆಯ ಗಂಟೆ, ಮಾತು ಮುಗಿದ ಮೇಲೆ ಎದುರು ಪಕ್ಷದಿಂದ ಒಂದು ಪ್ರಶ್ನೆ. ಬಿ.ಎ. ಕೊನೆಯ ವರ್ಷದ ಹುಡುಗಿಯೊಬ್ಬಳು ‘ಪರ’ ಎಂದು ಬರೆದಿದ್ದ ಚೀಟಿ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ಮುಖದಲ್ಲಿ ನೆಮ್ಮದಿ ಇತ್ತು. “ಸರ್, ಇದು ಸುಲಭ. ಸುಳ್ಳು ಹೇಳದವರು ಯಾರಿದ್ದಾರೆ?” ಎಂದಳು.

ಪರವಾಗಿ ಮಾತಾಡುವವರು ಎಡವುವುದು ಅಲ್ಲಿಯೇ. ನಾನು ಇಂಥ ಸ್ಪರ್ಧೆಗಳಿಗೆ ಮಕ್ಕಳನ್ನು ತಯಾರು ಮಾಡಿದ್ದೇನೆ, ನಿರ್ಣಾಯಕನಾಗಿಯೂ ಕೂತಿದ್ದೇನೆ. ಹತ್ತರಲ್ಲಿ ಎಂಟು ಮಂದಿ ಎಲ್ಲರೂ ಸುಳ್ಳು ಹೇಳುತ್ತಾರೆ ಎಂದು ತೋರಿಸಿ ಕೆಳಗಿಳಿಯುತ್ತಾರೆ. ಉಳಿದವರು ಕೆಲವೊಮ್ಮೆ ಸುಳ್ಳು ಹೇಳಿದರೆ ತಪ್ಪಿಲ್ಲ ಎನ್ನುವವರೆಗೆ ಬರುತ್ತಾರೆ. ವಿಷಯ ಕೇಳುತ್ತಿರುವುದು ಇವೆರಡನ್ನೂ ಅಲ್ಲ. ‘ಹೇಳಬಹುದು’ ಬೇರೆ, ‘ಹೇಳಲೇಬೇಕು’ ಬೇರೆ. ಕರ್ತವ್ಯ ಎಂದ ಮೇಲೆ, ಆ ಗಳಿಗೆಯಲ್ಲಿ ನಿಜ ಹೇಳಿದವನು ತಪ್ಪು ಮಾಡಿದ ಎಂದು ತೋರಿಸಬೇಕಾಗುತ್ತದೆ. ಸುಳ್ಳನನ್ನು ಕ್ಷಮಿಸಿದರೆ ಸಾಲದು, ಸತ್ಯವಂತನ ಮೇಲೆ ಆರೋಪ ಹೊರಿಸಬೇಕು. ಸತ್ಯಹರಿಶ್ಚಂದ್ರನ ನಾಟಕ ನೋಡಿ ಕಣ್ಣೀರಿಟ್ಟ ನಾಡಿನಲ್ಲಿ ಅದು ಸಣ್ಣ ಕೆಲಸವಲ್ಲ.

ಮಾರನೆಯ ದಿನ ಅವಳು ಮೊದಲ ಕರಡು ತಂದಳು. ನಾಲ್ಕು ಉದಾಹರಣೆಗಳಿದ್ದವು, ನಾಲ್ಕನ್ನೂ ಹೊಡೆದುಹಾಕಿದೆ. ಯಾಕೆ ಹೊಡೆದೆ ಎಂಬುದರಲ್ಲೇ ವಿಷಯದ ಅರ್ಧ ತಿರುಳಿದೆ.

ಮೊದಲನೆಯದು, ಗೆಳತಿಯ ಸೀರೆ ಚೆನ್ನಾಗಿಲ್ಲದಿದ್ದರೂ ಚೆನ್ನಾಗಿದೆ ಎನ್ನುವುದು. ಇದರಿಂದ ಯಾರ ಪ್ರಾಣವೂ ಉಳಿಯುವುದಿಲ್ಲ, ಹೇಳದೆ ಸುಮ್ಮನಿದ್ದರೆ ಏನೂ ಕೆಡುವುದೂ ಇಲ್ಲ. ಎರಡನೆಯದು, ಪಾಪವಲ್ಲದ ಐದು ಸುಳ್ಳುಗಳ ಪಟ್ಟಿ: ತಮಾಷೆಯಲ್ಲಿ, ಹೆಂಗಸರ ವಿಷಯದಲ್ಲಿ, ಮದುವೆಯ ಮಾತುಕತೆಯಲ್ಲಿ, ಪ್ರಾಣಕ್ಕೆ ಕುತ್ತು ಬಂದಾಗ, ಸರ್ವಸ್ವವೂ ಕೈಬಿಡುವಾಗ. ಚರ್ಚಾಸ್ಪರ್ಧೆಯಲ್ಲಿ ಈ ಪಟ್ಟಿ ಬಾರದ ವರ್ಷವಿಲ್ಲ. ಆದರೆ ಮಹಾಭಾರತದ ಆದಿಪರ್ವದಲ್ಲಿ ಇದನ್ನು ಹೇಳುವವಳು ಶರ್ಮಿಷ್ಠೆ. ಕೇಳಿಸಿಕೊಳ್ಳುವವನು ಯಯಾತಿ. ಶುಕ್ರಾಚಾರ್ಯರಿಗೆ ಕೊಟ್ಟ ಮಾತನ್ನು ಮುರಿದು ತನ್ನ ಕೈ ಹಿಡಿಯುವಂತೆ ಅವನನ್ನು ಒಲಿಸಲು ಅವಳು ಈ ಮಾತನ್ನು ಬಳಸುತ್ತಾಳೆ. ತನಗೆ ಬೇಕಾದ್ದನ್ನು ಪಡೆಯಲು ಹೇಳಿದ ಮಾತು ಅದು. ಮೇಲಾಗಿ ಆ ಪಟ್ಟಿ ಕೊಡುವುದು ರಿಯಾಯಿತಿಯನ್ನು, ವಿಧಿಯನ್ನಲ್ಲ. ಮದುವೆಯಲ್ಲಿ ಸುಳ್ಳು ಹೇಳುವುದು ಕರ್ತವ್ಯವೇ ಎಂದು ಎದುರು ಪಕ್ಷದ ಹುಡುಗ ಕೇಳಿದರೆ ಇವಳ ಬಳಿ ಉತ್ತರವಿರುತ್ತಿರಲಿಲ್ಲ. ಸುಳ್ಳು ಹೇಳಿ ಮಾಡಿದ ಮದುವೆಯಲ್ಲಿ ನರಳಿದ ಹೆಣ್ಣುಮಕ್ಕಳು ಆ ಸಭೆಯಲ್ಲೇ ಕೂತಿರುತ್ತಾರೆ.

ಮೂರನೆಯದು ರೋಗಿಗೆ ಹೇಳುವ ಸುಳ್ಳು. ಇದನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ. ನನ್ನ ದೊಡ್ಡಪ್ಪನ ವಿಷಯ ಹೇಳಿದೆ. ಅವರಿಗೆ ಕ್ಯಾನ್ಸರ್ ಇದೆಯೆಂದು ಮನೆಯವರೆಲ್ಲರಿಗೂ ಗೊತ್ತಿತ್ತು, ಅವರೊಬ್ಬರಿಗೆ ಗೊತ್ತಿರಲಿಲ್ಲ. ಅಲ್ಸರ್ ಎಂದು ಹೇಳಿದ್ದೆವು. ತಮ್ಮಂದಿರ ಜೊತೆ ಜಮೀನಿನ ಪಾಲು ಮಾಡುವುದಿತ್ತು, ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದ ಅಕ್ಕನ ಮನೆಗೆ ಒಮ್ಮೆ ಹೋಗಿಬರಬೇಕು ಎನ್ನುತ್ತಿದ್ದರು. “ಹುಷಾರಾದ ಮೇಲೆ ನೋಡೋಣ” ಎಂದು ಮುಂದೆ ಹಾಕುತ್ತಲೇ ಹೋದರು, ಏಕೆಂದರೆ ಹುಷಾರಾಗುತ್ತೀರಿ ಎಂದು ನಾವೇ ನಂಬಿಸಿದ್ದೆವು. ಆ ಸುಳ್ಳು ಅವರನ್ನು ಕಾಯಲಿಲ್ಲ. ಎದುರು ನಿಂತು ಹೇಳುವ ಧೈರ್ಯವಿಲ್ಲದ ನಮ್ಮನ್ನು ಕಾಯಿತು. ಅಲ್ಲಿ ಸುಳ್ಳು ಕೇಳಿದವರು ಯಾರಿಗೂ ಕೇಡು ಬಗೆದವರಲ್ಲ, ತಮ್ಮ ಬದುಕಿನ ಬಗ್ಗೆ ತಿಳಿಯುವ ಹಕ್ಕಿದ್ದವರು. ಆ ಉದಾಹರಣೆ ಪರ ಪಕ್ಷಕ್ಕಿಂತ ವಿರೋಧ ಪಕ್ಷಕ್ಕೇ ಹೆಚ್ಚು ಉಪಯೋಗ.

ನಾಲ್ಕನೆಯದು ಅಶ್ವತ್ಥಾಮ. ಭೀಮ ಆ ಹೆಸರಿನ ಆನೆಯನ್ನು ಕೊಂದು ಅಶ್ವತ್ಥಾಮ ಸತ್ತನೆಂದು ಕೂಗಿದ. ದ್ರೋಣ ನಂಬದೆ ಧರ್ಮರಾಯನನ್ನು ಕೇಳಿದ. ಧರ್ಮರಾಯ ಹೌದೆಂದು, ಆನೆ ಎಂಬ ಮಾತನ್ನು ಕೇಳಿಸದ ಹಾಗೆ ನುಂಗಿದ. ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ಅವನ ರಥ ಆ ಕ್ಷಣದಲ್ಲಿ ನೆಲಕ್ಕೆ ತಾಗಿತು. ಕಡೆಗೆ ಸ್ವರ್ಗಾರೋಹಣ ಪರ್ವದಲ್ಲಿ ಇದೇ ಮೋಸಕ್ಕಾಗಿ ಅವನು ನರಕವನ್ನು ಕಣ್ಣಾರೆ ಕಾಣಬೇಕಾಯಿತು. ಯುದ್ಧ ಗೆಲ್ಲಲು, ನಂಬಿ ಕೇಳಿದ ಗುರುವಿಗೆ ಹೇಳಿದ ಸುಳ್ಳು ಅದು. ಹೇಳಿಸಿದವನು ಕೃಷ್ಣನೇ ಆದರೂ ಕಾವ್ಯ ಅದನ್ನು ಹಗುರವಾಗಿ ಬಿಡಲಿಲ್ಲ.

“ಹಾಗಾದರೆ ಏನುಳಿಯಿತು ಸರ್?” ಎಂದಳು.

ಕೌಶಿಕ ಉಳಿದ. ಅವನ ಕಥೆ ಕರ್ಣಪರ್ವದಲ್ಲಿದೆ, ಅದು ಬರುವ ಸಂದರ್ಭವೂ ತಿಳಿದಿರಬೇಕು. ಕರ್ಣನಿಂದ ಪೆಟ್ಟು ತಿಂದು ಶಿಬಿರಕ್ಕೆ ಮರಳಿದ್ದ ಧರ್ಮರಾಯ, ಕರ್ಣನನ್ನು ಇನ್ನೂ ಕೊಂದಿಲ್ಲವೆಂದು ತಿಳಿದಾಗ ಸಿಟ್ಟಿನಲ್ಲಿ ಅರ್ಜುನನಿಗೆ ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡು ಎನ್ನುತ್ತಾನೆ. ಹಾಗೆ ಹೇಳಿದವರ ತಲೆ ತೆಗೆಯುತ್ತೇನೆಂದು ಅರ್ಜುನ ಹಿಂದೆಯೇ ಪ್ರತಿಜ್ಞೆ ಮಾಡಿದ್ದ. ಮಾತು ಉಳಿಸಿಕೊಳ್ಳಲು ಅಣ್ಣನ ಮೇಲೆಯೇ ಕತ್ತಿ ಹಿರಿಯುತ್ತಾನೆ. ಆಗ ಕೃಷ್ಣ ಅವನನ್ನು ತಡೆದು ಹೇಳುವ ಕಥೆಗಳಲ್ಲಿ ಇದೊಂದು.

ಕೌಶಿಕ ಎಂಬ ಬ್ರಾಹ್ಮಣ ಊರಿಗೆ ಸಮೀಪದಲ್ಲಿ, ನದಿಗಳು ಕೂಡುವ ಜಾಗದಲ್ಲಿ ಇದ್ದ. ಸದಾ ಸತ್ಯವನ್ನೇ ಹೇಳುವುದು ಅವನ ವ್ರತ, ಅದರಿಂದಲೇ ಅವನಿಗೆ ಹೆಸರು. ಒಂದು ದಿನ ಕೆಲವರು ದರೋಡೆಕೋರರಿಗೆ ಹೆದರಿ ಓಡಿಬಂದು ಹತ್ತಿರದ ಕಾಡಿನಲ್ಲಿ ಅಡಗಿದರು. ಹಿಂದೆಯೇ ದರೋಡೆಕೋರರು ಬಂದರು. ಸತ್ಯವಂತನೆಂದು ಗೊತ್ತಿದ್ದದ್ದರಿಂದಲೇ ಅವನನ್ನು ಕೇಳಿದರು: ಜನ ಯಾವ ದಾರಿಯಲ್ಲಿ ಹೋದರು? ಕೌಶಿಕ ಇದ್ದದ್ದನ್ನು ಇದ್ದಹಾಗೆ ಹೇಳಿದ. ಅವರು ಕಾಡಿಗೆ ನುಗ್ಗಿ ಅಡಗಿದ್ದವರನ್ನು ಕೊಂದರು. ಕೌಶಿಕ ಸತ್ತ ಮೇಲೆ ನರಕಕ್ಕೆ ಹೋದ.

ಒಂದೇ ಗ್ರಂಥದಲ್ಲಿ ಸುಳ್ಳು ಹೇಳಿದ ಧರ್ಮರಾಯನಿಗೂ ನರಕ, ನಿಜ ಹೇಳಿದ ಕೌಶಿಕನಿಗೂ ನರಕ. ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ವಿಷಯ ಬಿಡಿಸಿಕೊಳ್ಳುತ್ತದೆ. ಹುಡುಗಿ ಭಾಷಣವನ್ನು ಇಲ್ಲಿಂದಲೇ ಶುರು ಮಾಡಬೇಕು ಎಂದು ನಿಶ್ಚಯಿಸಿದೆವು.

ಕಥೆಗಿಂತ ಮುಖ್ಯವಾದದ್ದು ಕೃಷ್ಣ ಅದಕ್ಕೆ ಸೇರಿಸುವ ವಿವರಣೆ. ಅದರ ಸಾರ ಇಷ್ಟು: ಬಾಯಿ ಬಿಡದೆ ಇದ್ದರೆ ಪಾರಾಗಬಹುದಾದರೆ ಬಾಯಿ ಬಿಡಬಾರದು. ಮಾತಾಡಲೇಬೇಕಾಗಿ ಬಂದರೆ, ಅಥವಾ ಸುಮ್ಮನಿದ್ದರೆ ಅದರಿಂದಲೇ ಅನುಮಾನ ಬರುವಂತಿದ್ದರೆ, ಆಗ ಸತ್ಯಕ್ಕಿಂತ ಸುಳ್ಳು ಮೇಲು. ಇಲ್ಲಿ ಮೆಟ್ಟಿಲುಗಳಿವೆ. ಮೊದಲು ಮೌನ. ಅದು ಸಾಲದೆ ಹೋದಾಗ ಮಾತ್ರ ಸುಳ್ಳು. ಕೌಶಿಕನ ಸ್ಥಿತಿಯಲ್ಲಿ ಮೌನ ಯಾಕೆ ಸಾಲುತ್ತಿರಲಿಲ್ಲ? ಎಂದೂ ಸುಳ್ಳು ಹೇಳದವನು ಗೊತ್ತಿಲ್ಲ ಎನ್ನಲಾರದೆ ಸುಮ್ಮನಾದರೆ, ಅವನಿಗೆ ಗೊತ್ತಿದೆ ಎಂದೇ ಅರ್ಥ. ಪಕ್ಕದಲ್ಲೇ ಕಾಡಿದೆ. ದರೋಡೆಕೋರರಿಗೆ ಅಷ್ಟು ಸಾಕು.

ಹೀಗೆ ಅವಳ ವಾದಕ್ಕೆ ಒಂದು ಅಳತೆಗೋಲು ಸಿಕ್ಕಿತು. ಕೇಳುವವನು ಆ ನಿಜವನ್ನು ಕೊಲ್ಲಲು ಬಳಸುತ್ತಾನೆ ಎಂಬುದು ಸ್ಪಷ್ಟವಿರಬೇಕು. ಮೌನಕ್ಕೂ ಜಾಣತನದ ಮಾತಿಗೂ ಪ್ರಾಣ ಉಳಿಸುವ ಶಕ್ತಿ ಇರಬಾರದು. ಮತ್ತು ಅಪಾಯದಲ್ಲಿರುವುದು ನಮ್ಮ ಲಾಭವಲ್ಲ, ನಮ್ಮನ್ನು ನಂಬಿ ಅಡಗಿದವರ ಜೀವ ಆಗಿರಬೇಕು. ಇವೆಲ್ಲ ಕೂಡಿದಾಗ ನಿಜ ಹೇಳುವುದು ಕೊಲೆಗೆ ಕೈಜೋಡಿಸಿದಂತೆ. ಆಗ ಸುಳ್ಳು ಹೇಳಿಕೊಳ್ಳಬಹುದಾದ ರಿಯಾಯಿತಿಯಾಗಿ ಉಳಿಯುವುದಿಲ್ಲ, ಅಡಗಿದವರಿಗೆ ಸಲ್ಲಬೇಕಾದ ಬಾಕಿಯಾಗುತ್ತದೆ.

ಪುರಾಣದ ಕಥೆಯೊಂದನ್ನೇ ನೆಚ್ಚಿದರೆ ನಿರ್ಣಾಯಕರು ಮೂಗು ಮುರಿಯುತ್ತಾರೆ. ನಡೆದ ಘಟನೆಯೂ ಬೇಕು ಎಂದು ಅವಳೇ ಹುಡುಕಿ ತಂದದ್ದು ಫ್ರಾನ್ಸಿನ ಲ ಶಾಂಬೊಂ ಸ್ಯುರ್ ಲಿನ್ಯೊಂ ಎಂಬ ಬೆಟ್ಟದ ಊರಿನ ವಿಷಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಆ ಊರೂ ಸುತ್ತಲಿನ ಹಳ್ಳಿಗಳೂ ಯೆಹೂದಿ ನಿರಾಶ್ರಿತರನ್ನು, ಅದರಲ್ಲೂ ಮಕ್ಕಳನ್ನು, ಮನೆ ಮನೆಗಳಲ್ಲಿ ಬಚ್ಚಿಟ್ಟು ಕಾಪಾಡಿದವು. ಅಲ್ಲಿನ ಪಾದ್ರಿ ಆಂದ್ರೆ ತ್ರೊಕ್ಮೆ. 1942ರ ಆಗಸ್ಟ್‌ನಲ್ಲಿ ಪೊಲೀಸರು ಬಸ್ಸುಗಳನ್ನು ತಂದು ನಿಲ್ಲಿಸಿ, ಯೆಹೂದಿಗಳ ಪಟ್ಟಿ ಕೊಡಿ ಎಂದು ಅವರನ್ನು ಕೇಳಿದರು. ಅವರು ಕೊಡಲು ಒಪ್ಪಲಿಲ್ಲ. ಅದು ಮೊದಲ ಮೆಟ್ಟಿಲು. ಬಾಯಿ ಬಿಡದೆ ನಿಲ್ಲುವುದು. ಸುಳ್ಳನ್ನು ಅವರು ಮನಸಾರೆ ದ್ವೇಷಿಸುತ್ತಿದ್ದ ಮನುಷ್ಯ ಕೂಡ.

ಆದರೆ ಆ ಊರು ಆ ಮೆಟ್ಟಿಲಿನಲ್ಲೇ ನಿಂತಿದ್ದರೆ ಜನ ಉಳಿಯುತ್ತಿರಲಿಲ್ಲ. ಆಗಿನ ಫ್ರಾನ್ಸಿನಲ್ಲಿ ರೇಷನ್ ಕಾರ್ಡ್ ಇಲ್ಲದೆ ಬ್ರೆಡ್ ಸಿಗುತ್ತಿರಲಿಲ್ಲ, ಗುರುತಿನ ಚೀಟಿ ಇಲ್ಲದೆ ರಸ್ತೆಯಲ್ಲಿ ನಡೆಯುವಂತಿರಲಿಲ್ಲ. 1942ರ ಡಿಸೆಂಬರ್‌ನ ಕಾನೂನಿನ ಪ್ರಕಾರ ಯೆಹೂದಿಗಳ ಈ ಎರಡೂ ಕಾರ್ಡುಗಳ ಮೇಲೆ ‘ಯೆಹೂದಿ’ ಎಂಬ ಮುದ್ರೆ ಬೀಳಬೇಕಿತ್ತು. ಮನುಷ್ಯ ಸುಮ್ಮನಿದ್ದರೂ ಕಾರ್ಡು ಮಾತಾಡುತ್ತಿತ್ತು. ಅಲ್ಲಿ ಮೌನಕ್ಕೆ ಜಾಗವೇ ಇರಲಿಲ್ಲ. ಹಾಗಾಗಿ ಸುಳ್ಳು ಕಾರ್ಡುಗಳನ್ನು ಮಾಡಲೇಬೇಕಾಯಿತು. ಅದರಲ್ಲಿ ಪಳಗಿದವನು ಆಸ್ಕರ್ ರೊಸೊವ್‌ಸ್ಕಿ ಎಂಬ, ಇನ್ನೂ ಇಪ್ಪತ್ತು ತುಂಬದ ಯೆಹೂದಿ ಹುಡುಗ. ಡಾಕ್ಟರಾಗಬೇಕೆಂಬ ಆಸೆಗೆ ಕಾನೂನು ಅಡ್ಡ ಬಂದಿದ್ದರಿಂದ ಟೈಪ್‌ರೈಟರ್ ರಿಪೇರಿಯ ಕೆಲಸ ಹಿಡಿದಿದ್ದವನು. ಯುದ್ಧ ಮುಗಿದ ಮೇಲೆ ಡಾಕ್ಟರೇ ಆದ.

ಒಂದು ಕಾರ್ಡು ಮಾಡುವುದೆಂದರೆ ಒಂದು ಸುಳ್ಳಲ್ಲ. ಹೊಸ ಹೆಸರು, ಹೊಸ ಹುಟ್ಟೂರು, ಕಚೇರಿಯ ಮುದ್ರೆ, ಅಧಿಕಾರಿಯ ಸಹಿ ಎಲ್ಲವೂ ಒಂದಕ್ಕೊಂದು ಹೊಂದಬೇಕು. ಕಾರ್ಡು ಪಡೆದ ಮಗು ತನ್ನ ಹೊಸ ಹೆಸರಿಗೆ ಓಗೊಡುವುದನ್ನು ಕಲಿಯಬೇಕು. ಶಾಲೆಯ ಮೇಷ್ಟರು ಆ ಹೆಸರನ್ನೇ ಹಾಜರಿ ಪುಸ್ತಕದಲ್ಲಿ ಕೂಗಬೇಕು. ಒಂದು ಸಲ ಹೇಳಿ ಮುಗಿಸುವ ಸುಳ್ಳಲ್ಲ ಅದು, ದಿನವೂ ಬದುಕಬೇಕಾದ ಸುಳ್ಳು. ನೂರಾರು ಜನ ವರ್ಷಗಳ ಕಾಲ ಅದನ್ನು ಹೊತ್ತರು. 1990ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಆ ಊರನ್ನೂ ಸುತ್ತಲಿನ ಹಳ್ಳಿಗಳನ್ನೂ ಒಟ್ಟಾಗಿ ಗೌರವಿಸಿತು. ಭಾಷಣದಲ್ಲಿ ಅವಳು ಇದಕ್ಕೆ ಒಂದೂವರೆ ನಿಮಿಷ ಇಟ್ಟಳು. “ಆ ಊರಿನಲ್ಲಿ ಕಾರ್ಡು ಮಾಡಲು ಬಂದೂ ಮಾಡದೆ ಕೈಕಟ್ಟಿ ಕೂತವನೊಬ್ಬನಿದ್ದಿದ್ದರೆ, ಅವನ ಕೈ ಶುದ್ಧವಾಗಿತ್ತು ಎನ್ನುತ್ತೀರಾ?” ಎಂದು ನಿಲ್ಲಿಸಿದ ಜಾಗ ನನಗೆ ಬಹಳ ಹಿಡಿಸಿತು.

ಇನ್ನು ಎದುರು ಪಕ್ಷ. ಕನ್ನಡದ ವೇದಿಕೆಯಲ್ಲಿ ವಿರೋಧದವರು ಪುಣ್ಯಕೋಟಿಯನ್ನು ತಂದೇ ತರುತ್ತಾರೆ. ಹಸು ಹುಲಿಗೆ ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂತು, ಕೊಲ್ಲುವವನಿಗೂ ಸತ್ಯವನ್ನೇ ಸಲ್ಲಿಸಿತು ಎನ್ನುತ್ತಾರೆ. ಈ ಕಥೆಯ ಮುಂದೆ ವಾದ ಮಾಡುವುದಕ್ಕೇ ಹಿಂಜರಿಕೆಯಾಗುತ್ತದೆ. ಅದನ್ನು ಕೇಳಿಕೊಂಡೇ ಬೆಳೆದವರು ನಾವು. ಆದರೆ ಪುಣ್ಯಕೋಟಿ ಪಣಕ್ಕಿಟ್ಟದ್ದು ತನ್ನ ಪ್ರಾಣವನ್ನು. ಕರುವನ್ನು ತಬ್ಬಲಿ ಮಾಡುವ ಸಂಕಟವಿದ್ದರೂ ಅದನ್ನು ಉಳಿದ ಹಸುಗಳ ವಶಕ್ಕೆ ಕೊಟ್ಟು ಬಂತು. ಕರುವೆಲ್ಲಿದೆ ಎಂದು ಹುಲಿ ಕೇಳಿದ್ದರೆ ಪುಣ್ಯಕೋಟಿ ದೊಡ್ಡಿಯ ದಾರಿ ತೋರಿಸುತ್ತಿತ್ತೇ? ಈ ಪ್ರಶ್ನೆಯನ್ನು ಅವಳು ಕಂಡುಕೊಂಡ ದಿನ ನನಗೆ ಅವಳ ಭಾಷಣದ ಬಗ್ಗೆ ಭರವಸೆ ಬಂತು. ತನ್ನ ಸತ್ಯಕ್ಕೆ ತಾನೇ ಬೆಲೆ ತೆರುವವರು ಪೂಜ್ಯರು. ಕೌಶಿಕ ತನ್ನ ಸತ್ಯದ ಬೆಲೆಯನ್ನು ಬೇರೆಯವರಿಂದ ತೆರಿಸಿದ.

ಹೆಚ್ಚು ಓದಿದ ಎದುರಾಳಿ ಇದ್ದರೆ ಕಾಂಟ್ ಬರುತ್ತಾನೆ. 1797ರಲ್ಲಿ, 73ನೇ ವಯಸ್ಸಿನಲ್ಲಿ, ಜರ್ಮನ್ ತತ್ವಜ್ಞಾನಿ ಇಮ್ಯಾನ್ಯುಯೆಲ್ ಕಾಂಟ್ ಇದೇ ಪ್ರಶ್ನೆಯ ಮೇಲೆ ಒಂದು ಸಣ್ಣ ಪ್ರಬಂಧ ಬರೆದ. ಫ್ರಾನ್ಸಿನ ಬೆಂಜಮಿನ್ ಕಾನ್‌ಸ್ಟಂಟ್ ಎಂಬ ಲೇಖಕ, ಸತ್ಯದ ಮೇಲೆ ಹಕ್ಕಿರುವವರಿಗೆ ಮಾತ್ರ ಅದನ್ನು ಹೇಳುವ ಕರ್ತವ್ಯವಿದೆ, ಕೊಲೆಗಾರನಿಗೆ ಆ ಹಕ್ಕಿಲ್ಲ ಎಂದು ವಾದಿಸಿದ್ದ. ಕಾಂಟ್ ಒಪ್ಪಲಿಲ್ಲ. ಗೆಳೆಯನನ್ನು ಕೊಲ್ಲಲು ಬಂದವನು ಅವನು ಮನೆಯಲ್ಲಿದ್ದಾನೆಯೇ ಎಂದು ಕೇಳಿದಾಗಲೂ, ತಪ್ಪಿಸಿಕೊಳ್ಳಲಾಗದಿದ್ದರೆ ನಿಜವನ್ನೇ ಹೇಳಬೇಕು ಎಂದ. ಅವನ ಒಂದು ಕಾರಣ ಕೇಳುವಂಥದ್ದು: ಇಲ್ಲವೆಂದು ನೀನು ಸುಳ್ಳು ಹೇಳಿದೆ ಎನ್ನೋಣ. ಅಷ್ಟರಲ್ಲಿ ಗೆಳೆಯ ನಿನಗೆ ತಿಳಿಯದಂತೆ ಹಿತ್ತಲಿಂದ ಹೊರಬಿದ್ದಿದ್ದ. ಹೊರಟುಹೋಗುತ್ತಿದ್ದ ಕೊಲೆಗಾರನ ಕೈಗೆ ಬೀದಿಯಲ್ಲಿ ಸಿಕ್ಕಿ ಸತ್ತ. ಆ ಸಾವಿಗೆ ನಿನ್ನ ಸುಳ್ಳೂ ಹೊಣೆ. ನಿಜ ಹೇಳಿದ್ದರೆ, ಮುಂದೆ ಏನಾದರೂ ನೀನು ಹೊಣೆಯಲ್ಲ.

ಇದಕ್ಕೆ ಅವಳು ತಯಾರು ಮಾಡಿಕೊಂಡ ಉತ್ತರ ಚಿಕ್ಕದು. ಕಾಣದ ಆಕಸ್ಮಿಕಕ್ಕೆ ಸುಳ್ಳು ಹೇಳಿದವನನ್ನು ಹೊಣೆ ಮಾಡುತ್ತೀರಿ. ಕಣ್ಣೆದುರಿಗೇ ಕಾಣುತ್ತಿದ್ದ ಕೊಲೆಗೆ ನಿಜ ಹೇಳಿದವನನ್ನು ಹೊಣೆಯಿಂದ ಬಿಡುತ್ತೀರಿ. ಒಂದೇ ಮನೆಯಲ್ಲಿ ಎರಡು ತಕ್ಕಡಿ ಏಕೆ?

ಕಾಂಟ್‌ನ ಇನ್ನೊಂದು ಮಾತು ಇದಕ್ಕಿಂತ ಗಟ್ಟಿ. ಒಬ್ಬನಿಗೆ ಸುಳ್ಳು ಹೇಳಿದರೂ ಮಾತು ಎಂಬುದರ ಮೇಲಿನ ನಂಬಿಕೆಯೇ ಸವೆಯುತ್ತದೆ, ಅದು ಮನುಷ್ಯಕುಲಕ್ಕೇ ಮಾಡಿದ ಅನ್ಯಾಯ ಎನ್ನುತ್ತಾನೆ. ಇದನ್ನು ತಳ್ಳಿಹಾಕಬೇಡ ಎಂದೆ. ಸಿಸ್ಸೆಲಾ ಬೋಕ್ 1978ರಲ್ಲಿ ಸುಳ್ಳಿನ ಬಗ್ಗೆ ಬರೆದ ಪುಸ್ತಕದಲ್ಲಿ ಒಂದು ಪರೀಕ್ಷೆ ಕೊಡುತ್ತಾರೆ: ನೀನು ಹೇಳಹೊರಟ ಸುಳ್ಳನ್ನು ನಾಲ್ಕು ಜನ ವಿವೇಕಿಗಳ ಎದುರು ಬಹಿರಂಗವಾಗಿ ಸಮರ್ಥಿಸಬಲ್ಲೆಯಾ? ಕೊಲೆಗಾರರು ಕೇಳಿದರೆ ದಾರಿ ತಪ್ಪಿಸುತ್ತೇವೆ ಎಂದು ಊರೆಲ್ಲ ಬೋರ್ಡು ಹಾಕಿದರೂ, ಸಾಧಾರಣ ಮನುಷ್ಯ ನಾಳೆ ಬಸ್ಸಿನ ಸಮಯ ಕೇಳಲು ಹಿಂಜರಿಯುವುದಿಲ್ಲ. ನಂಬಿಕೆ ಕಳೆದುಕೊಳ್ಳುವವರು ಕೊಲೆಗಾರರು ಮಾತ್ರ. ರೋಗಿಗೆ ಸುಳ್ಳು ಹೇಳುತ್ತೇವೆ ಎಂದು ಬೋರ್ಡು ಹಾಕಿದರೆ ಯಾವ ರೋಗಿಯೂ ಇನ್ನು ಯಾವ ಡಾಕ್ಟರನ್ನೂ ನಂಬುವುದಿಲ್ಲ. ನನ್ನ ದೊಡ್ಡಪ್ಪನ ಉದಾಹರಣೆ ಯಾಕೆ ಬಿದ್ದುಹೋಯಿತು ಎಂದು ಅವಳಿಗೆ ಪೂರ್ತಿ ತಿಳಿದದ್ದು ಆಗ.

ಒಂದು ಕಡೆ ಮಾತ್ರ ಅವಳನ್ನು ತಡೆಯಬೇಕಾಯಿತು. ಉತ್ಸಾಹದಲ್ಲಿ, ಅಂಥ ಸುಳ್ಳು ಸುಳ್ಳೇ ಅಲ್ಲ ಎಂದು ಬರೆದಿದ್ದಳು. ಹಾಗೆಂದರೆ ವಾದವೇ ಕರಗಿಹೋಗುತ್ತದೆ. ಸುಳ್ಳೇ ಅಲ್ಲದಿದ್ದರೆ ಚರ್ಚಿಸಲು ಏನಿದೆ? ಈ ವಿಷಯದಲ್ಲಿ ಮನುಸ್ಮೃತಿಯ ಎಂಟನೇ ಅಧ್ಯಾಯ ಕುತೂಹಲಕರ. ಆ ಗ್ರಂಥದ ಬಹುಪಾಲಿನ ಜೊತೆ ನನಗೆ ಜಗಳವಿದೆ, ಆದರೆ ಇದು ಹೇಳಬೇಕಾದ ವಿಷಯ. ನಿಜ ಸಾಕ್ಷಿ ಹೇಳಿದರೆ ಒಬ್ಬನ ಪ್ರಾಣ ಹೋಗುವುದಾದರೆ ಸುಳ್ಳೇ ಮೇಲು ಎನ್ನುತ್ತದೆ. ಅಲ್ಲಿಗೆ ಬಿಡುವುದಿಲ್ಲ. ಹಾಗೆ ಸುಳ್ಳು ಹೇಳಿದವನು ಆಮೇಲೆ ಸರಸ್ವತಿಗೆ ಚರುವನ್ನು ಅರ್ಪಿಸಿ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು ಎಂದೂ ವಿಧಿಸುತ್ತದೆ. ಮಾಡಿದ್ದು ಸರಿ, ಆದರೂ ವಾಗ್ದೇವತೆಗೆ ನೋವಾಗಿದೆ. 1930ರಲ್ಲಿ ಸ್ಕಾಟಿಷ್ ತತ್ವಜ್ಞಾನಿ ಡಬ್ಲ್ಯೂ. ಡಿ. ರಾಸ್ ಬೇರೆ ದಾರಿಯಲ್ಲಿ ಇದೇ ಜಾಗಕ್ಕೆ ಬಂದ: ಎರಡು ಕರ್ತವ್ಯಗಳು ಡಿಕ್ಕಿ ಹೊಡೆದಾಗ ಒಂದು ಗೆಲ್ಲುತ್ತದೆ, ಸೋತದ್ದು ಮಾತ್ರ ಇಲ್ಲವಾಗುವುದಿಲ್ಲ, ಅದರ ಋಣ ಉಳಿಯುತ್ತದೆ. ಅವಳು ಆ ಸಾಲನ್ನು ಹೊಡೆದು ಸರಸ್ವತಿಯ ಚರುವನ್ನು ಸೇರಿಸಿದಳು.

ಸ್ಪರ್ಧೆಯ ದಿನ ಎಚ್ಚರಿಕೆಯ ಗಂಟೆ ಬಾರಿಸಿದಾಗ ಅವಳು ಕಾಂಟ್ ಮುಗಿಸಿ ಪುಣ್ಯಕೋಟಿಗೆ ಬಂದಿದ್ದಳು. ಎದುರು ಪಕ್ಷದ ಹುಡುಗ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ. ನಾಲ್ಕನೇ ಶತಮಾನದ ಕೊನೆಗೆ ಸಂತ ಅಗಸ್ಟೀನ್ ಬರೆದಿಟ್ಟ ಫರ್ಮಸ್ ಎಂಬ ಬಿಷಪ್‌ನ ಕಥೆ ಅವನಿಗೆ ಗೊತ್ತಿತ್ತು. ಮರೆ ಹೊಕ್ಕವನನ್ನು ಚಕ್ರವರ್ತಿಯ ಆಳುಗಳು ಹುಡುಕಿ ಬಂದಾಗ ಫರ್ಮಸ್, ನಾನು ಸುಳ್ಳನ್ನೂ ಹೇಳಲಾರೆ, ಅವನನ್ನು ಒಪ್ಪಿಸಲೂ ಲಾರೆ ಎಂದ. ಚಿತ್ರಹಿಂಸೆಯನ್ನು ಸಹಿಸಿಕೊಂಡ. ಕೊನೆಗೆ ಚಕ್ರವರ್ತಿಯೇ ಅವನ ಗಟ್ಟಿತನ ಮೆಚ್ಚಿ ಆ ಮನುಷ್ಯನನ್ನು ಕ್ಷಮಿಸಿದ. ಇದಕ್ಕೇನು ಹೇಳುತ್ತೀರಿ?

ಅವಳು ತಡವರಿಸಲಿಲ್ಲ. “ಫರ್ಮಸ್‌ಗೆ ನಮಸ್ಕಾರ. ಅಲ್ಲಿ ಮೌನ ಸಾಕಾಯಿತು. ಸಾಕಾಗುವಲ್ಲಿ ಮೌನವೇ ಇರಲಿ ಎಂದು ನಾನೂ ಹೇಳಿದ್ದೇನೆ. ಆದರೆ ಅಡಗುದಾಣ ಎದುರಿಗೇ ಕಾಣುವ ಕಾಡಾಗಿದ್ದು, ಬಂದವರು ಕ್ಷಮಿಸುವ ಚಕ್ರವರ್ತಿಯಲ್ಲದೆ ದರೋಡೆಕೋರರಾಗಿದ್ದರೆ, ಆ ಮೌನ ಸತ್ತವರಿಗೆ ಏನು ಕೊಟ್ಟಿತು?” ಎಂದಳು. ಎರಡನೇ ಬಹುಮಾನ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದವಳು ಕೇಳಿದಳು: “ಸರ್, ಕೌಶಿಕ ಸುಳ್ಳು ಹೇಳಬೇಕಿತ್ತು ಅಂದ್ವಿ. ಬೇರೆ ದಾರಿ ತೋರಿಸ್ತಾನೆ ಅಂದ್ಕೊಳ್ಳಿ. ಆ ದಾರೀಲಿ ಬೇರೆ ಯಾರಾದರೂ ಹೋಗ್ತಾ ಇದ್ದಿದ್ರೆ?”

ಕಾಂಟ್‌ನ ಹಿತ್ತಲ ಬಾಗಿಲು ಮತ್ತೆ ತೆರೆದಿತ್ತು. ನಾನು ಉತ್ತರ ಹುಡುಕುತ್ತಿರುವಾಗ ಅವಳೇ ಮುಂದುವರಿಸಿದಳು. “ಅವನು ಎಷ್ಟೋ ವರ್ಷದಿಂದ ಅಲ್ಲೇ ಇದ್ದವನು. ಯಾವ ಹೊತ್ತಲ್ಲಿ ಯಾವ ದಾರೀಲಿ ಜನ ಓಡಾಡ್ತಾರೆ, ಯಾವುದು ಖಾಲಿ ಇರುತ್ತೆ ಅಂತ ಅವನಿಗೆ ಗೊತ್ತಿರುತ್ತೆ. ಅದನ್ನ ಯೋಚನೆ ಮಾಡಿ ಹೇಳಬೇಕಿತ್ತು. ಇದನ್ನ ಭಾಷಣದಲ್ಲಿ ಸೇರಿಸಬೇಕಿತ್ತು, ಸರ್.”